ಪ್ರಿನ್ಸಿಪಾಲರಿಗೆ ಬರೆದ ಎಂಟು ಸಾಲು

ನಾವು ಗಂಡ ಹೆಂಡತಿ ಈ ಮರಳುನಾಡಿಗೆ ಬಂದು ಹದಿನಾರು ವರ್ಷ ದಾಟಿತು. ನಮ್ಮಲ್ಲಿ ಒಬ್ಬರ ದುಡಿಮೆ ಆಸ್ಪತ್ರೆಯ ಫಾರ್ಮಸಿಯಲ್ಲಿ, ಇನ್ನೊಬ್ಬರದು ಮನೆ ಮತ್ತು ಮಕ್ಕಳ ಮಧ್ಯೆ. ಮೊದಲು ದುಬೈಯ ಅಲ್ ಕುಸೈಸ್‌ನಲ್ಲಿದ್ದೆವು. ಕೆಲಸ ಬದಲಾದಾಗ ಗಂಟುಮೂಟೆ ಕಟ್ಟಿಕೊಂಡು ಅಬುಧಾಬಿಯ ಮುಸಫ್ಫಾ ಕಡೆಗೆ ಬಂದೆವು. ಸಣ್ಣವನು ಆ ಏಪ್ರಿಲ್‌ನಲ್ಲಿ ಇಲ್ಲಿಯ ಒಂದು ಭಾರತೀಯ ಶಾಲೆಗೆ ಮೂರನೇ ತರಗತಿಗೆ ಸೇರಿದ. ಆ ವರ್ಷ ಅವನ ಓದಿನ ವಿಷಯವಾಗಿ ಪ್ರಿನ್ಸಿಪಾಲರ ಭೇಟಿಗೆ ಸಮಯ ಕೇಳಬೇಕಾಗಿ ಬಂತು. ಒಮ್ಮೆ ತಪ್ಪಾಗಿ ಕೇಳಿದೆವು, ಎರಡನೆಯ ಸಲ ಸರಿಯಾಗಿ ಕೇಳಿದೆವು. ಎರಡರ ನಡುವೆ ನಾವು ಕಲಿತದ್ದು ನಮ್ಮಂತೆಯೇ ಶಾಲೆಯ ಗೇಟಿನ ಮುಂದೆ ಅಳುಕಿ ನಿಲ್ಲುವ ಬಂಧುಗಳಿಗೆ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಎರಡನೇ ತರಗತಿಯವರೆಗೆ ಮಗನ ಓದಿನ ಬಗ್ಗೆ ನಮಗೆ ಚಿಂತೆ ಇರಲಿಲ್ಲ. ಹೊಸ ಶಾಲೆಯಲ್ಲಿ ಮೇ ತಿಂಗಳ ಪರೀಕ್ಷೆಯಲ್ಲೇ ಅಂಕ ಇಳಿಯಿತು. ಹೊಸ ಜಾಗ, ಹೊಸ ಗೆಳೆಯರು, ಹೊಂದಿಕೊಳ್ಳಲು ಸಮಯ ಬೇಕು ಎಂದುಕೊಂಡೆವು. ಜುಲೈಯಲ್ಲಿ ಊರಿಗೆ ಹೋದಾಗ ಅಜ್ಜಿ ಒಂದು ಮಾತು ಹೇಳಿದ್ದರು. "ಎಂತ ಮಾರಾಯ್ರೆ, ಈ ಮಾಣಿ ಕರೆದ್ರೆ ತಿರುಗಿಯೇ ನೋಡುದಿಲ್ಲ. ಟಿವಿ ಸೌಂಡು ಇಡೀ ಕೇರಿಗೆ ಕೇಳ್ತದೆ." ಮೊಬೈಲ್ ಕಾಲದ ಮಕ್ಕಳು ಹೀಗೆಯೇ ಅಮ್ಮ ಎಂದು ನಕ್ಕು ಸುಮ್ಮನಾದೆವು. ಆ ಮಾತು ಎಷ್ಟು ತೂಕದ್ದೆಂದು ತಿಳಿಯಲು ಮೂರು ತಿಂಗಳು ಹಿಡಿಯಿತು.

ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ಓಪನ್ ಹೌಸ್ ದಿನ ಕ್ಲಾಸ್ ಟೀಚರ್ ಮುಂದೆ ಕೂತೆವು. ಹಿಂದೆ ಹತ್ತಾರು ಪೋಷಕರ ಸಾಲು, ನಮಗೆ ಸಿಕ್ಕಿದ್ದು ಐದು ನಿಮಿಷ. "ಹುಡುಗ ಒಳ್ಳೆಯವನು, ಆದರೆ ಗಮನ ಇಲ್ಲ. ಹೇಳಿದ್ದನ್ನು ಮಾಡುವುದಿಲ್ಲ" ಎಂದರು. ರಿಪೋರ್ಟ್ ಕಾರ್ಡಿನಲ್ಲೂ ಅದೇ ಮಾತು. ಎರಡು ದಿನ ಬಿಟ್ಟು ಸೂಪರ್‌ವೈಸರ್ ಫೋನ್ ಮಾಡಿ, ಟ್ಯೂಷನ್ ಹಾಕಿ ನೋಡಿ, ಹೀಗೆಯೇ ಮುಂದುವರಿದರೆ ಇನ್ನೊಂದು ವರ್ಷ ಮೂರನೇ ತರಗತಿಯಲ್ಲೇ ಕೂರಿಸುವ ಬಗ್ಗೆ ಯೋಚಿಸಬೇಕಾದೀತು ಎಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಒಂದು ವರ್ಷದ ಫೀಸು ಮತ್ತೆ ಕಟ್ಟುವ ಲೆಕ್ಕ ಒಂದು ಕಡೆ. ಎಂಟು ವರ್ಷದ ಮಗುವಿಗೆ "ನೀನು ಹಿಂದೆ ಬಿದ್ದೆ" ಎಂದು ಹೇಳಬೇಕಾದ ಸಂಕಟ ಇನ್ನೊಂದು ಕಡೆ.

ಮೊದಲ ಪತ್ರ

ಅದೇ ರಾತ್ರಿ ಹನ್ನೊಂದು ಗಂಟೆಗೆ ಕೂತು ಪ್ರಿನ್ಸಿಪಾಲರಿಗೆ ಉದ್ದದ ಇಮೇಲ್ ಬರೆದೆವು. ದುಬೈಯ ಶಾಲೆಯಲ್ಲಿ ಇವನು ಎಷ್ಟು ಚುರುಕಾಗಿದ್ದ, ಇಲ್ಲಿ ಟೀಚರ್ ಹೇಗೆ ಗಮನ ಕೊಡುತ್ತಿಲ್ಲ, ಪಕ್ಕದ ಮನೆಯ ಹುಡುಗನಿಗೆ ಹೇಗೆ ಹೆಚ್ಚು ಅಂಕ ಬಂತು, ಬಸ್ ಎಷ್ಟು ತಡ, ಫೀಸು ಎಷ್ಟು ಏರಿತು, ಎಲ್ಲವೂ ಅದರಲ್ಲಿತ್ತು. ಕೊನೆಯಲ್ಲಿ "ದಯವಿಟ್ಟು ಆದಷ್ಟು ಬೇಗ ಭೇಟಿಗೆ ಅವಕಾಶ ಕೊಡಿ" ಎಂದಿತ್ತು. ಯಾಕೆ ಭೇಟಿ, ಭೇಟಿಯಲ್ಲಿ ಏನು ತೀರ್ಮಾನ ಆಗಬೇಕು ಎಂಬುದು ಮಾತ್ರ ಇರಲಿಲ್ಲ.

ವಾರ ಕಳೆಯಿತು. ಬಂದದ್ದು ಒಂದೇ ಸಾಲು: ನಿಮ್ಮ ಪತ್ರ ತಲುಪಿದೆ, ಸಂಬಂಧಪಟ್ಟವರಿಗೆ ಕಳಿಸಿದ್ದೇವೆ. ಸಿಟ್ಟು ಬಂತು. ಆದರೆ ಸಮಾಧಾನವಾಗಿ ಯೋಚಿಸಿದಾಗ ತಪ್ಪು ನಮ್ಮದೂ ಇದೆ ಅನಿಸಿತು. ಫಾರ್ಮಸಿ ಕೌಂಟರಿಗೆ ಬಂದು "ಮೈ ಹುಷಾರಿಲ್ಲ, ಏನಾದರೂ ಕೊಡಿ" ಎನ್ನುವವರಿಗೆ ನಾವು ಏನು ಕೊಡಬಲ್ಲೆವು? ಎಲ್ಲಿ ನೋವು, ಯಾವಾಗಿನಿಂದ, ಯಾವಾಗ ಹೆಚ್ಚು, ಈವರೆಗೆ ಏನು ತೆಗೆದುಕೊಂಡಿರಿ ಎಂದು ನಾವೇ ಒಂದೊಂದಾಗಿ ಕೇಳುತ್ತೇವೆ. ಪ್ರಿನ್ಸಿಪಾಲರ ಮುಂದೆ ನಾವು ಇಟ್ಟದ್ದು ಅಂಥದೇ ದೂರು. ನಮ್ಮ ಪತ್ರ ಓದಿದವರಿಗೆ ಅದನ್ನು ಬಸ್ ವಿಭಾಗಕ್ಕೆ ಕಳಿಸಬೇಕೋ, ಅಕೌಂಟ್ಸ್‌ಗೆ ಕಳಿಸಬೇಕೋ, ಟೀಚರಿಗೆ ಕಳಿಸಬೇಕೋ ತಿಳಿದಿರಲಾರದು.

ಚಾಪೆಯ ಮೇಲೆ ಎರಡು ರಾಶಿ

ಆ ಶುಕ್ರವಾರ ಸಂಜೆ ಮಗನ ಎಲ್ಲ ನೋಟ್ ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ, ವರ್ಕ್‌ಶೀಟ್ ಚಾಪೆಯ ಮೇಲೆ ಹರಡಿದೆವು. ಇಷ್ಟು ದಿನ ನಾವು ನೋಡಿದ್ದು ಒಟ್ಟು ಅಂಕ ಮಾತ್ರ. ಯಾವ ಪ್ರಶ್ನೆ ತಪ್ಪಾಗಿದೆ ಎಂದು ನೋಡಿರಲಿಲ್ಲ. ಮೊದಲು ವಿಷಯವಾರು ಇಟ್ಟೆವು, ಏನೂ ಹೊಳೆಯಲಿಲ್ಲ. ಇಂಗ್ಲಿಷ್‌ನಲ್ಲಿ ಕೆಲವು ಕಡೆ ಪೂರ್ತಿ ಅಂಕ, ಕೆಲವು ಕಡೆ ಏನೂ ಇಲ್ಲ. ಗಣಿತದಲ್ಲೂ ಹಾಗೆಯೇ.

ಆಮೇಲೆ ಬೇರೆ ರೀತಿ ಜೋಡಿಸಿದೆವು. ಕಣ್ಣಿನಿಂದ ನೋಡಿ ಮಾಡಿದ್ದು ಒಂದು ರಾಶಿ, ಕಿವಿಯಿಂದ ಕೇಳಿ ಮಾಡಿದ್ದು ಇನ್ನೊಂದು. ಆಗ ಚಿತ್ರ ಬಿಚ್ಚಿಕೊಂಡಿತು. ಬೋರ್ಡಿನಿಂದ ಬರೆದುಕೊಂಡ ಪಾಠ ಕೊನೆಯ ಸಾಲಿನವರೆಗೂ ಇತ್ತು. ಪ್ರಶ್ನೆಪತ್ರಿಕೆಯಲ್ಲಿ ಮುದ್ರಿಸಿದ ಲೆಕ್ಕಗಳಲ್ಲಿ 40ಕ್ಕೆ 34. ಆದರೆ ಟೀಚರ್ ಬಾಯಲ್ಲಿ ಹೇಳಿ ಬರೆಸುವ ಇಂಗ್ಲಿಷ್ ಡಿಕ್ಟೇಷನ್‌ನಲ್ಲಿ 20ಕ್ಕೆ 7. ಬಾಯಿಲೆಕ್ಕದಲ್ಲಿ 10ಕ್ಕೆ 3. ಅರೇಬಿಕ್‌ನಲ್ಲೂ ನೋಡಿ ಬರೆದ ಅಕ್ಷರ ಚೆಂದ, ಕೇಳಿ ಬರೆದದ್ದು ಹಾಳು. ಡೈರಿಯಲ್ಲಿ ಹೋಮ್‌ವರ್ಕ್ ಬೋರ್ಡಿನ ಮೇಲೆ ಬರೆದ ದಿನ ಪೂರ್ತಿ ಇರುತ್ತಿತ್ತು, ಬಾಯಲ್ಲಿ ಹೇಳಿದ ದಿನ ಅರ್ಧ.

ಇಷ್ಟು ಕಂಡರೂ ಕಾರಣ ನಮಗೆ ಹೊಳೆಯಲಿಲ್ಲ. ಟೀಚರ್ ಮಾತಿನ ಶೈಲಿ ಇವನಿಗೆ ಅರ್ಥವಾಗುತ್ತಿಲ್ಲ ಎಂದೇ ತಿಳಿದೆವು. ಆದರೂ ಈಗ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ಅಂಕ ಯಾಕೆ ಕಡಿಮೆ ಎಂದು ಒಟ್ಟಾರೆ ಕೇಳುವ ಬದಲು, ನೋಡಿ ಮಾಡಿದರೆ ಸರಿ ಇರುವುದು ಕೇಳಿ ಮಾಡಿದರೆ ಯಾಕೆ ತಪ್ಪುತ್ತದೆ ಎಂದು ಕೇಳಬಹುದಿತ್ತು.

ಎರಡನೇ ಪತ್ರ

ಮೊದಲು ಕನ್ನಡದಲ್ಲಿ ಬರೆದುಕೊಂಡೆವು, ಆಮೇಲೆ ಇಂಗ್ಲಿಷಿಗೆ ಇಳಿಸಿದೆವು. ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ನಮ್ಮಂಥವರು ವ್ಯಾಕರಣದ ಹೆದರಿಕೆಯಲ್ಲಿ ಹೇಳಬೇಕಾದ್ದನ್ನೇ ಬಿಡುತ್ತೇವೆ. ಪತ್ರದ ವಿಷಯದ ಸಾಲಿನಲ್ಲಿ ಮಗನ ಪೂರ್ಣ ಹೆಸರು, ತರಗತಿ, ವಿಭಾಗ, ಅಡ್ಮಿಷನ್ ನಂಬರ್ ಮತ್ತು "ಭೇಟಿಗೆ ಸಮಯ ಕೋರಿ" ಎಂದು ಹಾಕಿದೆವು. ಪತ್ರ ಇಷ್ಟೇ:

"ಮಾನ್ಯ ಪ್ರಿನ್ಸಿಪಾಲರೇ, ನಮ್ಮ ಮಗ ಈ ಏಪ್ರಿಲ್‌ನಲ್ಲಿ ದುಬೈಯಿಂದ ಬಂದು ನಿಮ್ಮ ಶಾಲೆಗೆ ಸೇರಿದ್ದಾನೆ.

ಅರ್ಧವಾರ್ಷಿಕ ಪರೀಕ್ಷೆಯ ಲಿಖಿತ ಗಣಿತದಲ್ಲಿ ಅವನಿಗೆ 40ಕ್ಕೆ 34 ಬಂದಿದೆ, ಆದರೆ ಡಿಕ್ಟೇಷನ್‌ನಲ್ಲಿ 20ಕ್ಕೆ 7, ಬಾಯಿಲೆಕ್ಕದಲ್ಲಿ 10ಕ್ಕೆ 3.

ನೋಟ್ ಪುಸ್ತಕಗಳಲ್ಲೂ ಬೋರ್ಡಿನಿಂದ ಬರೆದದ್ದು ಪೂರ್ತಿ ಇದೆ, ಬಾಯಲ್ಲಿ ಹೇಳಿ ಬರೆಸಿದ್ದು ಅರ್ಧ ಇದೆ.

ಕ್ಲಾಸ್ ಟೀಚರ್ ಅವರನ್ನು ಓಪನ್ ಹೌಸ್ ದಿನ ಕಂಡಿದ್ದೇವೆ, ಸೂಪರ್‌ವೈಸರ್ ಅವರೊಂದಿಗೂ ಫೋನಿನಲ್ಲಿ ಮಾತಾಡಿದ್ದೇವೆ.

ಟ್ಯೂಷನ್ ಅಥವಾ ಅದೇ ತರಗತಿಯಲ್ಲಿ ಮುಂದುವರಿಸುವ ತೀರ್ಮಾನಕ್ಕೆ ಮೊದಲು ಈ ವ್ಯತ್ಯಾಸಕ್ಕೆ ಕಾರಣವೇನೆಂದು ತಿಳಿಯಲು ನಿಮ್ಮ ಇಪ್ಪತ್ತು ನಿಮಿಷ ಬೇಕಾಗಿದೆ.

ಸಾಧ್ಯವಿದ್ದರೆ ಕ್ಲಾಸ್ ಟೀಚರ್ ಅವರೂ ಜೊತೆಗಿರಲಿ ಎಂದು ಕೋರುತ್ತೇವೆ.

ಮುಂದಿನ ವಾರ ಸೋಮವಾರ ಅಥವಾ ಗುರುವಾರ ಬೆಳಿಗ್ಗೆ ಹನ್ನೆರಡರ ಒಳಗೆ ಯಾವ ಹೊತ್ತಾದರೂ ನಾವಿಬ್ಬರೂ ಬರುತ್ತೇವೆ.

ಉತ್ತರಪತ್ರಿಕೆ ಮತ್ತು ನೋಟ್ ಪುಸ್ತಕದ ನಾಲ್ಕು ಪುಟಗಳ ಫೋಟೋ ಲಗತ್ತಿಸಿದ್ದೇವೆ."

ಕೆಳಗೆ ಇಬ್ಬರ ಹೆಸರು, ಫೋನ್ ನಂಬರ್. ಪತ್ರ ಕಳಿಸಿದ ಮಾರನೇ ದಿನವೇ ಪ್ರಿನ್ಸಿಪಾಲರ ಸೆಕ್ರೆಟರಿ ಫೋನ್ ಮಾಡಿದರು. ಗುರುವಾರ ಹನ್ನೊಂದೂವರೆ, ಕ್ಲಾಸ್ ಟೀಚರ್ ಬರುತ್ತಾರೆ ಎಂದರು.

ಈ ಪತ್ರದಲ್ಲಿ ಕೆಲಸ ಮಾಡಿದ್ದು ನಾಲ್ಕನೆಯ ಮತ್ತು ಐದನೆಯ ಸಾಲು ಎಂದು ನಮಗೆ ಈಗ ಅನಿಸುತ್ತದೆ. ಇಲ್ಲಿಯ ಶಾಲೆಗಳಲ್ಲಿ ಒಂದು ಮೆಟ್ಟಿಲು ಕ್ರಮ ಇದೆ. ಮೊದಲು ಕ್ಲಾಸ್ ಟೀಚರ್, ನಂತರ ಸೂಪರ್‌ವೈಸರ್ ಅಥವಾ ಆ ವಿಭಾಗದ ಮುಖ್ಯಸ್ಥರು, ಆಮೇಲೆ ಪ್ರಿನ್ಸಿಪಾಲರು. ಕೆಳಗಿನ ಮೆಟ್ಟಿಲು ಹತ್ತಿ ಬಂದಿದ್ದೇವೆ ಎಂದು ತೋರಿಸದಿದ್ದರೆ ಪತ್ರ ತಾನಾಗಿಯೇ ಕೆಳಗೆ ಹೋಗುತ್ತದೆ. ಹಾಗೆಯೇ, ಯಾವ ತೀರ್ಮಾನ ಪ್ರಿನ್ಸಿಪಾಲರ ಕೈಯಲ್ಲಿದೆಯೋ ಅದನ್ನು ಹೆಸರಿಸಿದರೆ ಭೇಟಿ ಯಾಕೆ ಬೇಕೆಂದು ಅವರಿಗೆ ತಿಳಿಯುತ್ತದೆ.

ಶಿಫ್ಟ್ ಡ್ಯೂಟಿಯವರು ಎರಡು ದಿನಗಳ ಆಯ್ಕೆ ಕೊಡುವುದು ಒಳ್ಳೆಯದು. ರಜೆ ಸಿಗದವರು ಫೋನಿನಲ್ಲಿ ಅಥವಾ ವೀಡಿಯೋ ಕಾಲ್‌ನಲ್ಲಿ ಮಾತಾಡಬಹುದೇ ಎಂದು ಅದೇ ಪತ್ರದಲ್ಲಿ ಕೇಳಬಹುದು. ಶುಕ್ರವಾರ ಅರ್ಧ ದಿನ, ಆ ದಿನ ಕೇಳದಿರುವುದೇ ಲೇಸು. ಇಂಗ್ಲಿಷಿನಲ್ಲಿ ಮಾತಾಡಲು ತೊಡಕಿದ್ದರೆ ಕನ್ನಡವೋ ಹಿಂದಿಯೋ ಬಲ್ಲ ಶಿಕ್ಷಕರೊಬ್ಬರು ಜೊತೆಗಿರಲಿ ಎಂದು ಕೇಳಲು ನಾಚಿಕೆ ಬೇಡ. ಭಾರತೀಯ ಶಾಲೆಗಳಲ್ಲಿ ಹಾಗೆ ಒಬ್ಬರು ಸಿಗುವುದು ಕಷ್ಟವಲ್ಲ.

ಆ ಇಪ್ಪತ್ತು ನಿಮಿಷ

ಗೇಟಿನಲ್ಲಿ ಎಮಿರೇಟ್ಸ್ ಐಡಿ ಕೊಟ್ಟು, ವಿಸಿಟರ್ ಪಾಸ್ ಹಾಕಿಕೊಂಡು ಒಳಗೆ ಹೋದೆವು. ಕೈಯಲ್ಲಿ ಎರಡು ರಾಶಿಯಿಂದ ಆರಿಸಿದ ಪುಸ್ತಕಗಳು, ಜೊತೆಗೆ ಒಂದು ಚೀಟಿ. ಚೀಟಿಯಲ್ಲಿ ಮೂರೇ ಪ್ರಶ್ನೆ: ಅವನು ಎಲ್ಲಿ ಕೂರುತ್ತಾನೆ, ಈ ವ್ಯತ್ಯಾಸ ಬೇರೆ ಟೀಚರುಗಳೂ ಕಂಡಿದ್ದಾರೆಯೇ, ಮುಂದೆ ಏನು ಮಾಡೋಣ.

ಪ್ರಿನ್ಸಿಪಾಲರು ಫೋಟೋಗಳನ್ನು ಮೊದಲೇ ನೋಡಿದ್ದರು. ಕ್ಲಾಸ್ ಟೀಚರ್ ಆರಂಭದಲ್ಲಿ ಬಿಗಿಯಾಗಿಯೇ ಕೂತಿದ್ದರು, ನಾವು ದೂರು ಹೇಳಲು ಬಂದಿದ್ದೇವೆ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಪುಸ್ತಕಗಳನ್ನು ಅವರ ಮುಂದಿಟ್ಟು "ಟೀಚರ್, ನೀವು ಅವನನ್ನು ದಿನಾ ನೋಡುವವರು, ನಿಮಗೆ ಏನನಿಸುತ್ತದೆ?" ಎಂದು ಕೇಳಿದಾಗ ಮುಖ ಸಡಿಲಾಯಿತು. ಪುಟ ತಿರುವುತ್ತಾ ಅವರೇ ನೆನಪು ಮಾಡಿಕೊಂಡರು. ಅವನು ಕೂರುವುದು ನಾಲ್ಕನೇ ಸಾಲಿನಲ್ಲಿ, ಎ.ಸಿ.ಯ ಕೆಳಗೆ. ಬೆಂಚಿನ ಹತ್ತಿರ ಹೋಗಿ ಹೇಳಿದರೆ ತಕ್ಷಣ ಮಾಡುತ್ತಾನೆ, ಬೋರ್ಡಿನ ಹತ್ತಿರದಿಂದ ಹೇಳಿದರೆ ಪಕ್ಕದವನ ಪುಸ್ತಕ ನೋಡುತ್ತಾನೆ.

ಪ್ರಿನ್ಸಿಪಾಲರು ಒಂದು ಕ್ಷಣ ಸುಮ್ಮನಿದ್ದು, ಶಾಲೆಯ ಕ್ಲಿನಿಕ್‌ನ ನರ್ಸನ್ನು ಕರೆಸಿದರು. ನರ್ಸ್ ತಂದ ದಾಖಲೆಯಲ್ಲಿ ಆ ಆರು ತಿಂಗಳಲ್ಲಿ ನಾಲ್ಕು ಸಲ ಶೀತ, ಎರಡು ಸಲ "ಕಿವಿ ತುಂಬಿದ ಹಾಗಿದೆ" ಎಂದು ಹುಡುಗ ಹೇಳಿದ್ದು ಇತ್ತು. ಆಮೇಲೆ ಪ್ರಿನ್ಸಿಪಾಲರು ಅಡ್ಮಿಷನ್ ಫೈಲ್ ತೆರೆದು ಆರೋಗ್ಯದ ಫಾರಂ ನಮ್ಮ ಕಡೆಗೆ ತಿರುಗಿಸಿದರು. "ಹಿಂದೆ ಕಿವಿಯ ತೊಂದರೆ ಏನಾದರೂ ಇತ್ತೇ?" ಎಂಬ ಪ್ರಶ್ನೆಯ ಮುಂದೆ ನಮ್ಮದೇ ಕೈಬರಹದಲ್ಲಿ "ಇಲ್ಲ" ಎಂದಿತ್ತು.

ಅದು ಸುಳ್ಳು. ದುಬೈಯಲ್ಲಿದ್ದಾಗ ಹಿಂದಿನ ಚಳಿಗಾಲದಲ್ಲಿ ಅವನಿಗೆ ಮೂರು ಸಲ ಕಿವಿ ಸೋಂಕು ಆಗಿತ್ತು. ಹೌದು ಎಂದು ಬರೆದರೆ ಸೀಟು ಸಿಗದೆ ಹೋದೀತು ಎಂಬ ಭಯದಲ್ಲಿ ಇಲ್ಲ ಎಂದು ಬರೆದಿದ್ದೆವು. ದಿನಾ ನೂರಾರು ರೋಗಿಗಳಿಗೆ "ಏನನ್ನೂ ಮುಚ್ಚಿಡಬೇಡಿ, ಹಳೆಯ ಕಾಯಿಲೆ ಹೇಳಿ" ಎನ್ನುವ ಮನೆಯವರೇ ಮುಚ್ಚಿಟ್ಟಿದ್ದೆವು. ಆ ಕೋಣೆಯಲ್ಲಿ ನಮಗಾದ ನಾಚಿಕೆಯನ್ನು ಇಲ್ಲಿ ಮರೆಮಾಚುವುದಿಲ್ಲ. ಅಲ್ಲಿಯೇ ತಪ್ಪು ಒಪ್ಪಿಕೊಂಡೆವು. ಪ್ರಿನ್ಸಿಪಾಲರು ಗದರಲಿಲ್ಲ. "ಈಗ ಹೇಳಿದಿರಲ್ಲ, ಫಾರಂ ತಿದ್ದಿ ಕೊಡಿ" ಎಂದರು.

ಏಳುವ ಮೊದಲು ನಾಲ್ಕು ವಿಷಯ ನಿಶ್ಚಯವಾಯಿತು. ನಾಳೆಯಿಂದಲೇ ಅವನು ಮುಂದಿನ ಸಾಲಿನಲ್ಲಿ, ಎ.ಸಿ.ಯಿಂದ ದೂರ ಕೂರಬೇಕು. ಹೋಮ್‌ವರ್ಕ್ ಮತ್ತು ಮುಖ್ಯ ಸೂಚನೆಗಳನ್ನು ಟೀಚರ್ ಬೋರ್ಡಿನ ಮೇಲೂ ಬರೆಯುತ್ತಾರೆ. ನಾವು ಎರಡು ವಾರದೊಳಗೆ ಕಿವಿಯ ಪರೀಕ್ಷೆ ಮಾಡಿಸಿ ವರದಿ ತರಬೇಕು. ಡಿಸೆಂಬರ್ ರಜೆಗೆ ಮೊದಲು ಮತ್ತೊಮ್ಮೆ ಸೇರಬೇಕು, ಅಲ್ಲಿಯವರೆಗೆ ಅದೇ ತರಗತಿಯ ಮಾತು ಎತ್ತುವುದಿಲ್ಲ. ಮನೆಗೆ ಬಂದ ಕೂಡಲೇ ಈ ನಾಲ್ಕನ್ನೂ ಧನ್ಯವಾದದೊಂದಿಗೆ ಇಮೇಲ್‌ನಲ್ಲಿ ಬರೆದು ಕಳಿಸಿದೆವು. ಬಾಯಿಮಾತು ಎಲ್ಲರಿಗೂ ಮರೆಯುತ್ತದೆ, ಬರೆದದ್ದು ಉಳಿಯುತ್ತದೆ.

ಕಿವಿಯೊಳಗಿನ ನೀರು

ಇ.ಎನ್.ಟಿ. ಡಾಕ್ಟರ್ ನೋಡಿದರು. ಎರಡೂ ಕಿವಿಯ ತಮಟೆಯ ಹಿಂದೆ ದ್ರವ ನಿಂತಿತ್ತು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಸಣ್ಣ ನಾಳವೊಂದಿದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಡ್ಡ. ಪದೇಪದೇ ಶೀತವಾದರೆ ಅದು ಕಟ್ಟಿಕೊಂಡು ಒಳಗೆ ದ್ರವ ಉಳಿಯುತ್ತದೆ. ಇದರಲ್ಲಿ ಜ್ವರ ಇಲ್ಲ, ಹೆಚ್ಚಿನ ನೋವೂ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗೆ 30 ಡೆಸಿಬೆಲ್ ಹತ್ತಿರ ಬಂತು. ಸರಿಯಾಗಿ ಕೇಳುವ ಮಗುವಿಗೆ ಅದು 20ಕ್ಕಿಂತ ಕೆಳಗಿರಬೇಕು. ಬೆರಳು ಕಿವಿಗೆ ಇಟ್ಟುಕೊಂಡು ಕೂತ ಹಾಗೆ. ಮನೆಯಲ್ಲಿ ನಾವು ಪಕ್ಕದಲ್ಲೇ ಕೂತು ಮಾತಾಡುತ್ತೇವೆ, ಅವನಿಗೆ ಕೇಳುತ್ತದೆ. ತರಗತಿಯಲ್ಲಿ ಟೀಚರ್ ದೂರ, ಎ.ಸಿ. ಸದ್ದು ತಲೆಯ ಮೇಲೆ, ಮಕ್ಕಳ ಗಲಾಟೆ ಸುತ್ತ. ಅರ್ಧ ಪದ ಕೇಳಿಸಿ ಅರ್ಧ ಊಹಿಸಿ ಬರೆಯುತ್ತಿದ್ದ. ಅವನಿಗೆ ಗಮನ ಇರಲಿಲ್ಲವೆಂಬ ಮಾತು ಸರಿಯಲ್ಲ, ಉಳಿದವರಿಗಿಂತ ಎರಡು ಪಟ್ಟು ಗಮನ ಕೊಟ್ಟು ದಣಿಯುತ್ತಿದ್ದ.

ಇದಕ್ಕೆ ಬಾಟಲಿ ಔಷಧಿ ಇಲ್ಲ. ಔಷಧಿಯ ಮಧ್ಯೆ ಬದುಕುವ ನಮಗೆ ಇದನ್ನು ಹೇಳುವುದು ಅಗತ್ಯ, ಯಾಕೆಂದರೆ ಬಂಧುಬಳಗದಲ್ಲಿ ಎಲ್ಲರೂ ಒಂದೊಂದು ಸಿರಪ್ ಹೇಳುತ್ತಾರೆ. ಅಲರ್ಜಿಯ ಸಿರಪ್, ಮೂಗು ಬಿಡಿಸುವ ಔಷಧಿ, ಆಂಟಿಬಯೋಟಿಕ್, ಇವು ಯಾವುವೂ ಹೀಗೆ ನಿಂತ ದ್ರವವನ್ನು ಇಳಿಸುವುದಿಲ್ಲ. ಕಿವಿಗೆ ಬಿಸಿ ಎಣ್ಣೆ ಬಿಡುವುದು ಅಂತೂ ಬೇಡವೇ ಬೇಡ. ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ಅದು ತಾನಾಗಿ ಆರುತ್ತದೆ. ಅದಕ್ಕೇ ಡಾಕ್ಟರುಗಳು ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಉಳಿದಿದ್ದು ಕೇಳಿಸುವುದು ಕಡಿಮೆಯಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ ಇಡುವ ಮಾತು ಬರುತ್ತದೆ. ಆ ಮೂರು ತಿಂಗಳಲ್ಲಿ ಮಗುವಿನ ಓದು ನಿಲ್ಲದ ಹಾಗೆ ನೋಡಿಕೊಳ್ಳುವುದು ಶಾಲೆಯ ಕೆಲಸ. ಆ ಕೆಲಸ ಆಗಲೇ ಶುರುವಾಗಿತ್ತು.

ಡಿಸೆಂಬರಿನ ಎರಡನೇ ಭೇಟಿ ಹತ್ತು ನಿಮಿಷದಲ್ಲಿ ಮುಗಿಯಿತು. ಜಾಗ ಬದಲಾದ ಮೇಲೆ ಡಿಕ್ಟೇಷನ್ 20ಕ್ಕೆ 13ಕ್ಕೆ ಏರಿತ್ತು. ಫೆಬ್ರವರಿಯ ಪರೀಕ್ಷೆಯಲ್ಲಿ ಬಲಗಿವಿ ಪೂರ್ತಿ ಸರಿಯಾಗಿತ್ತು, ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು. ಮಾರ್ಚಿನಲ್ಲಿ ಅವನು ನಾಲ್ಕನೇ ತರಗತಿಗೆ ಹೋದ. ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆ ಆರು ತಿಂಗಳಲ್ಲಿ ಕೇಳದೆ ಹೋದ ಮಗ್ಗಿ, ಇಂಗ್ಲಿಷ್ ಉಚ್ಚಾರಣೆ ಇನ್ನೂ ತುಂಬಿಸುತ್ತಲೇ ಇದ್ದೇವೆ. ಚಳಿಗಾಲ ಬಂದರೆ ಇವತ್ತಿಗೂ ಅವನನ್ನು ಹಿಂದಿನಿಂದ ಮೆಲ್ಲನೆ ಕರೆದು ನೋಡುತ್ತೇವೆ.

ಒಂದು ವೇಳೆ ದಾರಿ ಮುಚ್ಚಿದರೆ

ನಮಗೆ ಒಳ್ಳೆಯ ಪ್ರಿನ್ಸಿಪಾಲರು ಸಿಕ್ಕರು. ಎಲ್ಲರಿಗೂ ಹಾಗಾಗುತ್ತದೆ ಎನ್ನಲಾರೆವು. ಪತ್ರಕ್ಕೆ ಉತ್ತರವೇ ಬಾರದಿದ್ದರೆ ವಾರ ಬಿಟ್ಟು ಅದೇ ಪತ್ರದ ಕೆಳಗೆ ನೆನಪಿಸಿ. ಆಗಲೂ ಇಲ್ಲದಿದ್ದರೆ ಶಾಲೆಯ ದೂರು ಕ್ರಮ ಏನೆಂದು ಲಿಖಿತವಾಗಿ ಕೇಳಿ. ಅದೂ ಮುಗಿದ ಮೇಲೆ ದುಬೈಯ ಖಾಸಗಿ ಶಾಲೆಗಳಿಗೆ ಕೆ.ಎಚ್.ಡಿ.ಎ., ಅಬುಧಾಬಿಗೆ ಅಡೆಕ್ ಎಂಬ ಸರ್ಕಾರಿ ಸಂಸ್ಥೆಗಳಿವೆ. ಇವುಗಳೂ ಮೊದಲು ಕೇಳುವುದು ಒಂದೇ: ಶಾಲೆಯಲ್ಲಿ ಯಾರನ್ನು ಕಂಡಿರಿ, ಏನು ಉತ್ತರ ಬಂತು? ಹಾಗಾಗಿ ಇಮೇಲ್‌ಗಳನ್ನು ಅಳಿಸಬೇಡಿ.

ಎರಡು ಎಚ್ಚರಿಕೆ. ಭೇಟಿಯ ಮಾತುಗಳನ್ನು ಅವರ ಒಪ್ಪಿಗೆ ಇಲ್ಲದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ಈ ದೇಶದಲ್ಲಿ ಅದು ಅಪರಾಧ. ಹಾಗೆಯೇ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಟೀಚರ ಹೆಸರು ಹಿಡಿದು ಬೈಯಬೇಡಿ. 2021ರ ಸೈಬರ್ ಕಾನೂನಿನಲ್ಲಿ ಆನ್‌ಲೈನ್ ನಿಂದನೆಗೆ ಶಿಕ್ಷೆ ಇದೆ. ಸಿಟ್ಟಿನಲ್ಲಿ ಬರೆದ ಒಂದು ಸಾಲು ಮಗುವಿನ ಸಮಸ್ಯೆಗಿಂತ ದೊಡ್ಡ ಸಮಸ್ಯೆ ಆಗಬಹುದು.

ಮಕ್ಕಳು ಊರಿನಲ್ಲಿರುವವರಿಗೆ

ನಮ್ಮ ಸಂಘದಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಕ್ಯಾಂಪಿನಲ್ಲಿ ದುಡಿಯುವ ತಮ್ಮಂದಿರು ಬಹಳ ಇದ್ದಾರೆ. ಅವರಿಗೂ ಇದೇ ದಾರಿ ನಡೆಯುತ್ತದೆ. ಮನೆಯವರಿಗೆ ಹೇಳಿ ಉತ್ತರಪತ್ರಿಕೆಯ ಪುಟಗಳ ಫೋಟೋ ತರಿಸಿಕೊಳ್ಳಿ, ಒಟ್ಟು ಅಂಕ ಕೇಳಿ ಫೋನಿನಲ್ಲಿ ಮಗುವನ್ನು ಬೈಯಬೇಡಿ. ಹೆಡ್‌ಮಾಸ್ಟರಿಗೆ ಒಂದು ಪತ್ರ ಬರೆದು ಹೆಂಡತಿಯ ಕೈಯಲ್ಲಿ ಕಳಿಸಿ, ಯಾವ ಹೊತ್ತಿಗೆ ಫೋನ್ ಮಾಡಬಹುದು ಎಂದು ಅದರಲ್ಲೇ ಕೇಳಿ. ನಮ್ಮ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಶಾಲೆ ಬಿಟ್ಟು ಮೇಷ್ಟ್ರು ಪುರುಸೊತ್ತಾಗುವ ನಾಲ್ಕೂವರೆ ಗಂಟೆ ಇಲ್ಲಿ ಮಧ್ಯಾಹ್ನ ಮೂರು. ಆ ಹೊತ್ತಿಗೆ ಹತ್ತು ನಿಮಿಷ ಬಿಡುವು ಕೊಡಿ ಎಂದು ಫೋರ್‌ಮನ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಎಲ್ಲವನ್ನೂ ವಿವರಿಸಿದೆವು. ಕೊನೆಯವರೆಗೆ ಕೇಳಿ, "ನಾನು ಹೇಳಿದಾಗಲೇ ಕೇಳಿದ್ರೆ ಆಗ್ತಿತ್ತು. ಮಾಣಿಯ ಕಿವಿಗಿಂತ ನಿಮ್ಮ ಕಿವಿ ಮೊದಲು ತೋರಿಸ್ಬೇಕಿತ್ತು" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.